ಆನೆಯ ಮುಂದೆ ನಿಂತವನು ಭೀಮನೋ ಕೃಷ್ಣನೋ: ಒಂದು ಅಡಿಬರಹಕ್ಕಾಗಿ ಪಟ್ಟ ಪಾಡು

ಹಳೇ ದೇವಸ್ಥಾನಗಳ ಬಗ್ಗೆ ಅನುವಾದ ಮಾಡುವವರು, ಫೋಟೋಗಳಿಗೆ ಅಡಿಬರಹ ಬರೆಯುವವರು ಇದನ್ನು ಓದಲಿ ಅಂತ ಬರೆಯುತ್ತಿದ್ದೇನೆ. ಕೆಲಸ ಮೊನ್ನೆಯಷ್ಟೇ ಮುಗಿಯಿತು. ಎಲ್ಲ ಇನ್ನೂ ನೆನಪಿನಲ್ಲಿರುವಾಗಲೇ ಹೇಳಿಬಿಡುತ್ತೇನೆ.

ನನಗೆ ಬಂದದ್ದು ಒಂದು ಪುಟ್ಟ ಪುಸ್ತಿಕೆ. ಹಾಸನ ಜಿಲ್ಲೆಯ ಒಂದು ಊರಿನ ಹೊಯ್ಸಳರ ಕಾಲದ ದೇವಸ್ಥಾನದ ಮೇಲೆ ಅಲ್ಲಿನ ಶಾಲೆಯ ಮೇಷ್ಟ್ರೊಬ್ಬರು ಕನ್ನಡದಲ್ಲಿ ಬರೆದಿಟ್ಟಿದ್ದರು. ಅವರು ಈಗಿಲ್ಲ. ಅವರ ಮಗಳು ಅದನ್ನು ಇಂಗ್ಲಿಷಿನಲ್ಲೂ ತರಬೇಕು ಅಂತ ಒಬ್ಬ ಪ್ರಕಾಶಕರಿಗೆ ಕೊಟ್ಟರು, ಪ್ರಕಾಶಕರು ನನಗೆ ಕೊಟ್ಟರು. ಪದಕ್ಕೆ ಒಂದೂವರೆ ರೂಪಾಯಿ ಅಂತ ಮಾತಾಯಿತು. ಊರಿನ ಹೆಸರು ಇಲ್ಲಿ ಬರೆಯುವುದಿಲ್ಲ, ಯಾಕೆಂದರೆ ದೇವಸ್ಥಾನಕ್ಕೆ ರಾತ್ರಿ ಕಾವಲಿಲ್ಲ, ವಿಗ್ರಹ ಕಳುವಾದೀತು ಅನ್ನುವ ಭಯ ಅಲ್ಲಿನವರಿಗೆ ಯಾವಾಗಲೂ ಇದೆ.

ಮೇಷ್ಟ್ರ ಕನ್ನಡ ಚೆನ್ನಾಗಿತ್ತು, ಕೆಲಸ ಸಲೀಸಾಗಿ ಸಾಗುತ್ತಿತ್ತು. ಹೊರಗೋಡೆಯ ಕಥೆಯ ಪಟ್ಟಿಕೆಗಳ ಭಾಗಕ್ಕೆ ಬಂದಾಗ ನಿಂತಿತು. ಒಂದು ಕಲ್ಲಿನ ಬಗ್ಗೆ ಮೇಷ್ಟ್ರು "ಅಶ್ವತ್ಥಾಮನೆಂಬ ಆನೆಯನ್ನು ಕೊಲ್ಲುತ್ತಿರುವ ಭೀಮ" ಅಂತ ಬರೆದಿದ್ದರು. ಪ್ರಕಾಶಕರು ಕಳಿಸಿದ ಫೋಟೋಗಳ ಪಟ್ಟಿಯಲ್ಲಿ ಅದೇ ಕಲ್ಲಿಗೆ "ಕುವಲಯಾಪೀಡವನ್ನು ಕೊಲ್ಲುವ ಕೃಷ್ಣ" ಅಂತ ಇತ್ತು. ಫೋಟೋ ತೆಗೆದು ನೋಡಿದೆ. ಒಂದು ಆನೆ. ಅದರ ಸೊಂಡಿಲ ಕೆಳಗೆ, ಮುಂಗಾಲಿಗೆ ಒತ್ತಿಕೊಂಡು ಒಬ್ಬ ಮನುಷ್ಯ. ಅವನ ಮುಖ ಸವೆದು ನುಣ್ಣಗಾಗಿದೆ. ಕೈಯಲ್ಲಿ ಉದ್ದನೆಯದು ಏನೋ ಇದೆ, ಅದರ ತುದಿ ಒಡೆದಿದೆ. ಆನೆಯ ಮೇಲೆ ಯಾರೋ ಕೂತಿದ್ದಾರೆ. ಇಷ್ಟೇ ಕಾಣುವುದು.

ಮೇಷ್ಟ್ರು ಹೇಳಿದ್ದನ್ನೇ ಅನುವಾದಿಸಿ ಮುಂದೆ ಹೋಗಬಹುದಿತ್ತು ಅಂತ ಸ್ನೇಹಿತರು ಹೇಳಿದರು. ಆದರೆ ಪಠ್ಯದಲ್ಲಿ ಭೀಮ, ಅದೇ ಪುಟದ ಫೋಟೋ ಕೆಳಗೆ ಕೃಷ್ಣ ಅಂತಿದ್ದರೆ ಓದುವವರು ಯಾವುದನ್ನು ನಂಬಬೇಕು? ಎರಡಕ್ಕೂ ಹೊಣೆ ನನ್ನದೇ ಅಲ್ವಾ.

ಮೊದಲು ಕೂತು ಕಥೆ ಓದಿದೆ. ಇಲ್ಲಿಂದಲೇ ತೊಡಕು ಶುರು. ಭಾಗವತದ ದಶಮ ಸ್ಕಂಧದಲ್ಲಿ ಕಂಸನ ಮಲ್ಲರಂಗದ ಬಾಗಿಲಲ್ಲಿ ಕುವಲಯಾಪೀಡ ಆನೆ ನಿಂತಿರುತ್ತದೆ. ಅದು ಕೃಷ್ಣನನ್ನು ಸೊಂಡಿಲಿನಲ್ಲಿ ಹಿಡಿಯುತ್ತದೆ, ಅವನು ಜಾರಿ ಅದರ ಕಾಲುಗಳ ನಡುವೆ ಅಡಗುತ್ತಾನೆ, ಆಮೇಲೆ ಬಾಲ ಹಿಡಿದು ಎಳೆಯುತ್ತಾನೆ, ಕೊನೆಗೆ ಕೆಡವಿ ದಂತ ಕಿತ್ತು ಅದರಿಂದಲೇ ಆನೆಯನ್ನೂ ಮಾವುತನನ್ನೂ ಹೊಡೆಯುತ್ತಾನೆ. ಆ ದಂತವನ್ನು ಹೆಗಲ ಮೇಲಿಟ್ಟುಕೊಂಡೇ ರಂಗದ ಒಳಗೆ ಹೋಗುವುದು. ಮಹಾಭಾರತದ ದ್ರೋಣಪರ್ವದಲ್ಲಿ ಕೌರವರ ಕಡೆಯ ರಾಜ ಭಗದತ್ತನ ಆನೆ ಸುಪ್ರತೀಕ ಬರುತ್ತದೆ. ಅಲ್ಲಿ ಭೀಮನೂ ಆನೆಯ ಹೊಟ್ಟೆಯ ಕೆಳಗೆ ನುಗ್ಗಿ ಅಂಗೈಯಿಂದ ಹೊಡೆಯುತ್ತಾನೆ. ಆನೆ ಸುತ್ತ ತಿರುಗುತ್ತದೆ, ಅವನನ್ನು ಸೊಂಡಿಲಿನಲ್ಲಿ ಹಿಡಿಯುತ್ತದೆ, ಅವನು ಬಿಡಿಸಿಕೊಂಡು ಮತ್ತೆ ಕೆಳಗೆ ತೂರುತ್ತಾನೆ. ಭೀಮ ಸತ್ತ ಅಂತ ಸೇನೆಯೆಲ್ಲ ಕೂಗುತ್ತದೆ. ಅದೇ ಪರ್ವದಲ್ಲಿ ಮುಂದೆ, ದ್ರೋಣರನ್ನು ನಂಬಿಸುವುದಕ್ಕೆ ಭೀಮ ಅಶ್ವತ್ಥಾಮ ಅನ್ನುವ ಆನೆಯನ್ನು ಗದೆಯಿಂದ ಕೊಲ್ಲುತ್ತಾನೆ.

ಅಂದರೆ ಆನೆಯ ಕಾಲ ಹತ್ತಿರ ಬಗ್ಗಿ ನಿಂತ ಗಂಡಸು ಮೂರು ಕಥೆಗಳಿಗೂ ಹೊಂದುತ್ತಾನೆ. ಹೊಯ್ಸಳ ಶಿಲ್ಪಿಗಳು ಈ ಸಣ್ಣ ಪಟ್ಟಿಕೆಗಳಲ್ಲಿ ವೀರರಿಗೆಲ್ಲ ಹೆಚ್ಚುಕಡಿಮೆ ಒಂದೇ ಕಿರೀಟ, ಒಂದೇ ಬಗೆಯ ಒಡವೆ ಹಾಕುತ್ತಾರೆ. ಕೃಷ್ಣನಿಗೆ ನಾಲ್ಕು ಕೈ ಇರಬೇಕು ಅಂತ ಎಲ್ಲರೂ ಅಂದುಕೊಳ್ಳುತ್ತೇವೆ, ಆದರೆ ಬಾಲಲೀಲೆಯ ದೃಶ್ಯಗಳಲ್ಲಿ ಅವನಿಗೆ ಎರಡೇ ಕೈ ಇರುವುದುಂಟು. ಕೈ ಎಣಿಸಿ ತೀರ್ಮಾನ ಮಾಡಬೇಡಿ.

ಇನ್ನೊಂದು ಮಾತು. ನಮ್ಮಲ್ಲಿ ತುಂಬ ಜನರಿಗೆ ಮಹಾಭಾರತ ಅಂದರೆ ಕುಮಾರವ್ಯಾಸ. ನಾನೂ ಗಮಕ ಕೇಳಿ ಬೆಳೆದವಳು. ಆದರೆ ಕುಮಾರವ್ಯಾಸ 15ನೇ ಶತಮಾನದವನು, ಈ ದೇವಸ್ಥಾನ 13ನೆಯದು. ಅವನ ಪದ್ಯದಲ್ಲಿ ಮಾತ್ರ ಸಿಗುವ ವಿವರವನ್ನು ಹಿಡಿದು ಈ ಕಲ್ಲನ್ನು ಓದುವುದಕ್ಕೆ ಬರುವುದಿಲ್ಲ. ಶಿಲ್ಪಿಯ ಕಾಲಕ್ಕೆ ಕನ್ನಡದಲ್ಲಿ ಪಂಪನ ಭಾರತ ಇತ್ತು, ಕೃಷ್ಣನ ಕಥೆಗೆ ವೀರಬಲ್ಲಾಳನ ಕಾಲದ ರುದ್ರಭಟ್ಟನಿದ್ದ, ಊರೂರಲ್ಲಿ ಹೇಳುವ ಕಥೆಗಳಂತೂ ಇದ್ದೇ ಇದ್ದವು.

ಆಮೇಲೆ ಹಳೇ ದಾಖಲೆ ಹುಡುಕಿದೆ. ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆ ಪ್ರತಿ ವರ್ಷ ವರದಿ ತರುತ್ತಿತ್ತು. ಆರ್. ನರಸಿಂಹಾಚಾರ್, ಆಮೇಲೆ ಎಂ. ಎಚ್. ಕೃಷ್ಣ ಇವರೆಲ್ಲ ಹಳ್ಳಿ ಹಳ್ಳಿ ತಿರುಗಿ ಬರೆದ ವರದಿಗಳು. ಶಾಸನಗಳಿಗೆ ಬಿ. ಎಲ್. ರೈಸ್ ಅವರು ತಂದ ಎಪಿಗ್ರಾಫಿಯಾ ಕರ್ನಾಟಿಕಾ, ಹಾಸನ ಜಿಲ್ಲೆಯದು ಐದನೇ ಸಂಪುಟ. ಇವುಗಳಲ್ಲಿ ಎಷ್ಟೋ ಸಂಪುಟಗಳು archive.org ನಲ್ಲಿ ಪುಕ್ಕಟೆ ಸಿಗುತ್ತವೆ. ಹುಡುಕುವಾಗ ಊರಿನ ಹೆಸರನ್ನು ಹಳೇ ಸ್ಪೆಲಿಂಗಿನಲ್ಲಿ ಹಾಕಬೇಕು, ಹೋಬಳಿಯ ಹೆಸರನ್ನೂ ಹಾಕಿ ನೋಡಬೇಕು. ನನ್ನ ದೇವಸ್ಥಾನ ಸಿಕ್ಕಿತು. ಗರ್ಭಗುಡಿ, ನವರಂಗ, ಕಂಬ, ಭುವನೇಶ್ವರಿ ಅನ್ನುವ ಕೆತ್ತನೆಯ ಛಾವಣಿ ಎಲ್ಲದರ ಬಗ್ಗೆ ಬರೆದಿದ್ದಾರೆ. ಪಟ್ಟಿಕೆಗಳಿಗೆ ಮಾತ್ರ "ಪುರಾಣಗಳ ದೃಶ್ಯಗಳು" ಅಂತ ಒಂದೇ ಸಾಲು. ಆ ದಿನ ನಿಜವಾಗಿ ಬೇಜಾರಾಯಿತು.

ಹಾಗಾಗಿ ಊರಿಗೇ ಹೋದೆ. ಖರ್ಚಿನ ಲೆಕ್ಕ ಕೇಳುವವರಿಗೆ: ಕರ್ನಾಟಕದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ, ಆಧಾರ್ ಕಾರ್ಡ್ ತೋರಿಸಿದರೆ ಸಾಕು, ರಾಜಹಂಸದಂಥ ಬಸ್ಸಿಗೆ ಇದು ನಡೆಯುವುದಿಲ್ಲ. ಹೆಚ್ಚು ದುಡ್ಡು ಹೋದದ್ದು ಆಟೋಗೆ. ಹೋಗಿ ಬರಲು, ಅಲ್ಲಿ ಕಾಯಲು ಸೇರಿ ಐನೂರು ರೂಪಾಯಿ. ದೇವಸ್ಥಾನ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ, ಪುಸ್ತಕಕ್ಕೆ ಫೋಟೋ ಬೇಕಾದರೆ ಅರ್ಜಿ ಕೊಡಬೇಕು ಅಂತ ಪ್ರಕಾಶಕರು ಹೇಳಿದ್ದರು. ಕೊಟ್ಟೆ. ಪ್ರಕಾಶಕರ ಲೆಟರ್‌ಹೆಡ್ ಇಲ್ಲ ಅಂತ ವಾಪಸ್ ಬಂತು, ಮತ್ತೆ ಕೊಟ್ಟೆ, ಯಾವ ಯಾವ ಕಲ್ಲಿನ ಫೋಟೋ ಅಂತ ಬರೆದಿಲ್ಲ ಅಂತ ಮತ್ತೆ ಬಂತು. ನೀವು ಅರ್ಜಿ ಹಾಕುವಾಗಲೇ ಮೂರು ವಿಷಯ ಸೇರಿಸಿ: ಪ್ರಕಾಶಕರ ಪತ್ರ, ಗುರುತಿನ ಚೀಟಿಯ ಪ್ರತಿ, ಗೋಡೆಯ ಯಾವ ದಿಕ್ಕಿನ ಯಾವ ಭಾಗ ಅನ್ನುವ ಸಣ್ಣ ನಕ್ಷೆ. ಸುಮ್ನೆ ಓಡಾಡುವುದು ತಪ್ಪುತ್ತದೆ. ಟ್ರೈಪಾಡ್ ಬೇಕಾದರೆ ಅದನ್ನೂ ಅರ್ಜಿಯಲ್ಲೇ ಕೇಳಿ.

ಊರಿನ ಅರ್ಚಕರು ಒಳ್ಳೆಯವರು. ಬೀಗದ ಕೈ ಹಿಡಿದುಕೊಂಡೇ ದೇವಸ್ಥಾನದ ಕೆಳಗಿನ ಕಟ್ಟೆಯಾದ ಜಗತಿಯ ಸುತ್ತ ನನ್ನ ಜೊತೆ ಬಂದರು. "ನಮ್ಮಪ್ಪ ಇದನ್ನು ಕೃಷ್ಣ ಅಂತಿದ್ರು ಕಣಮ್ಮ. ಮೇಷ್ಟ್ರು ಭೀಮ ಅಂತ ವಾದ ಮಾಡೋರು. ಇಬ್ಬರೂ ಹೋದರು, ಕಲ್ಲು ಹಂಗೇ ಇದೆ" ಅಂದರು.

ಮಧ್ಯಾಹ್ನದ ಬಿಸಿಲು ನೇರ ಮೇಲಿಂದ ಬೀಳುತ್ತಿತ್ತು. ಫೋಟೋದಲ್ಲಿ ಕಂಡದ್ದಕ್ಕಿಂತ ಜಾಸ್ತಿ ಏನೂ ಕಾಣಲಿಲ್ಲ. ಕಲ್ಲು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಗಟ್ಟಿಯಾಗುತ್ತದೆ, ಅದಕ್ಕೇ ಇಷ್ಟು ಸಣ್ಣ ಕೆತ್ತನೆ ಸಾಧ್ಯವಾದದ್ದು. ಆದರೆ ಮುಟ್ಟಿ ಮುಟ್ಟಿ, ಎಣ್ಣೆ ಬಳಿದು, ಮಳೆ ಬಿದ್ದು ಉಬ್ಬಿದ ಭಾಗಗಳೆಲ್ಲ ಸವೆಯುತ್ತವೆ. ಮೂಗು, ಕೈ, ಆಯುಧದ ತುದಿ, ಗುರುತಿಗೆ ಬೇಕಾದವೇ ಮೊದಲು ಹೋಗುವುದು. ಕೆಲವರು ಕೆತ್ತನೆ ಎದ್ದು ಕಾಣಲಿ ಅಂತ ಸೀಮೆಸುಣ್ಣ, ಹಿಟ್ಟು ಉಜ್ಜುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ಅದು ಸಂದಿಯಲ್ಲಿ ಕೂತು ಕಲ್ಲನ್ನು ಹಾಳು ಮಾಡುತ್ತದೆ, ಕಾನೂನಿಗೂ ವಿರುದ್ಧ.

ಆಯುಧ ಬಿಟ್ಟು ಅಕ್ಕಪಕ್ಕ ನೋಡಿದೆ. ಒಂದು ದೃಶ್ಯ ತಿಳಿಯದಿದ್ದರೆ ಹಿಂದಿನದು ಮುಂದಿನದು ನೋಡಿ ಊಹಿಸಬಹುದು. ಕೃಷ್ಣನ ಕಥೆಯಾದರೆ ಹಿಂದೆ ಬಿಲ್ಲು ಮುರಿಯುವುದು, ಮುಂದೆ ಚಾಣೂರ ಮುಷ್ಟಿಕರ ಜೊತೆ ಕುಸ್ತಿ, ಕಂಸನನ್ನು ಜುಟ್ಟು ಹಿಡಿದು ಎಳೆಯುವುದು ಬರಬೇಕು. ಯುದ್ಧವಾದರೆ ರಥಗಳ ಸಾಲು, ಬಾಣಗಳು. ಇಲ್ಲಿ ಎಡಕ್ಕೆ ಇಬ್ಬರು ಜಟ್ಟಿಗಳು ಹಿಡಿದುಕೊಂಡಿದ್ದರು. ಬಲಕ್ಕೆ ಕಲ್ಲಿನ ಅಂಚಿಗೆ ಅರ್ಧ ಕತ್ತರಿಸಿದ ರಥದ ಚಕ್ರ. ಜಟ್ಟಿಗಳನ್ನು ನೋಡಿದರೆ ಕೃಷ್ಣ, ಚಕ್ರ ನೋಡಿದರೆ ಯುದ್ಧ. ಅಷ್ಟೇ ಅಲ್ಲ, ಜಟ್ಟಿಗಳು ಭೀಮ ಜರಾಸಂಧರೂ ಆಗಬಹುದು. ಚಕ್ರ ಅಕ್ರೂರನ ರಥದ್ದೂ ಆಗಬಹುದು, ಕೃಷ್ಣ ಬಲರಾಮರು ಮಧುರೆಗೆ ಬಂದದ್ದು ಅದರಲ್ಲೇ ತಾನೆ.

ಬಸ್ಸಿನಲ್ಲಿ ವಾಪಸ್ ಬರುವಾಗ ತಲೆ ಕೆಟ್ಟಂತಾಗಿತ್ತು. ಪ್ರಕಾಶಕರಿಗೆ ಇನ್ನಷ್ಟು ಸಮಯ ಕೇಳಿದೆ. ಕೊಟ್ಟರು, ಆದರೆ ಓಡಾಟದ ಖರ್ಚು ನನ್ನದೇ ಅಂದರು. ಅನುವಾದಕ್ಕೆ ಒಪ್ಪುವಾಗಲೇ ಇಂಥ ಖರ್ಚಿನ ಮಾತು ಕಾಗದದಲ್ಲಿ ಬರಲಿ.

ಚೆನ್ನಾಗಿ ಉಳಿದಿರುವ ಕಡೆ ಹೋಗಿ ಕಣ್ಣು ಪಳಗಿಸಿಕೊಳ್ಳಬೇಕು ಅನಿಸಿತು. ಹಳೇಬೀಡಿಗೆ ಹೋದೆ. ಹೊಯ್ಸಳೇಶ್ವರದ ಗೋಡೆಯಲ್ಲಿ ಕೆಳಗಿನಿಂದ ಆನೆ, ಸಿಂಹ, ಬಳ್ಳಿ, ಕುದುರೆ, ಮತ್ತೆ ಬಳ್ಳಿ, ಅದರ ಮೇಲೆ ಕಥೆಯ ಪಟ್ಟಿಕೆ, ಮೇಲೆ ಮಕರ, ಹಂಸ. ಕಥೆಯ ಸಾಲು ಕಣ್ಣಿಗೆ ಸುಮಾರು ನೇರಕ್ಕೇ ಇದೆ, ನಿಧಾನಕ್ಕೆ ನಡೆಯುತ್ತ ಓದಬಹುದು. ಚಕ್ರವ್ಯೂಹದ ಅಭಿಮನ್ಯು, ಶರಶಯ್ಯೆಯ ಭೀಷ್ಮ ಇವರನ್ನು ಯಾರು ಬೇಕಾದರೂ ಗುರುತಿಸುತ್ತಾರೆ, ಮುಖದಿಂದಲ್ಲ, ಅವರ ಸುತ್ತ ನಡೆಯುತ್ತಿರುವುದರಿಂದ. ಬೆಳಗ್ಗೆಯಿಂದ ಬರೀ ಆನೆಯ ಮೇಲೆ ಕೂತವರನ್ನೇ ನೋಡಿದೆ. ಮಾವುತ ಆನೆಯ ಕತ್ತಿನ ಮೇಲೆ ಕೂರುತ್ತಾನೆ, ಕೈಯಲ್ಲಿ ಅಂಕುಶ. ರಾಜ ಅವನ ಹಿಂದೆ, ಬೆನ್ನ ಮೇಲೆ. ರಾಜನಿಗೆ ಕಿರೀಟ, ಬಿಲ್ಲು, ಕೆಲವೆಡೆ ತಲೆಯ ಮೇಲೆ ಸತ್ತಿಗೆ, ಅಂದರೆ ರಾಜನ ಕೊಡೆ. ನಾನು ಆತನಕ ಆನೆಯ ಕಾಲ ಬಳಿ ಇದ್ದವನನ್ನೇ ದಿಟ್ಟಿಸುತ್ತಿದ್ದೆ. ಗುರುತು ಮೇಲೆ ಕೂತವನಲ್ಲೂ ಇರಬಹುದು ಅಂತ ಹೊಳೆದದ್ದು ಅಲ್ಲಿ.

ಅಮೃತಾಪುರಕ್ಕೂ ಹೋದೆ, ತರೀಕೆರೆಯ ಹತ್ತಿರ. 1196ರ ಅಮೃತೇಶ್ವರ ದೇವಸ್ಥಾನ. ಮಂಟಪದ ಹೊರಗೋಡೆಯಲ್ಲಿ ನೂರ ನಲವತ್ತು ಫಲಕಗಳಿವೆ, ಸಾಕಷ್ಟು ದೊಡ್ಡವು. ದಕ್ಷಿಣಕ್ಕೆ ರಾಮಾಯಣದ ಎಪ್ಪತ್ತು, ಉತ್ತರಕ್ಕೆ ಕೃಷ್ಣನ ಕಥೆಯ ಇಪ್ಪತ್ತೈದು ಮತ್ತು ಮಹಾಭಾರತದ ನಲವತ್ತೈದು. ಒಂದೇ ಗೋಡೆಯಲ್ಲಿ ಕೃಷ್ಣನೂ ಭೀಮನೂ ಇರುವುದು ಸಹಜ ಅನ್ನುವುದು ಇಲ್ಲಿ ಕಣ್ಣಿಗೆ ಕಾಣುತ್ತದೆ. ಇನ್ನೊಂದು ವಿಷಯ ಗಮನಿಸಿ: ಉತ್ತರದ ಗೋಡೆಯ ಕಥೆ ಪ್ರದಕ್ಷಿಣೆಯ ದಿಕ್ಕಿಗೆ ಸಾಗುತ್ತದೆ, ರಾಮಾಯಣ ಮಾತ್ರ ಅಪ್ರದಕ್ಷಿಣೆಯಾಗಿ ಹೋಗುತ್ತದೆ. ಇದು ಗೊತ್ತಿಲ್ಲದೆ ಓದಿದರೆ ಹಿಂದಿನದು ಮುಂದಾಗುತ್ತದೆ. ಯಾವುದೇ ಗೋಡೆಯಲ್ಲಿ ಮೊದಲು ಅನುಮಾನವಿಲ್ಲದ ಎರಡು ದೃಶ್ಯ ಹುಡುಕಿ, ಯಾವುದು ಮೊದಲು ಬರುತ್ತದೆ ನೋಡಿ, ದಿಕ್ಕು ಗೊತ್ತುಮಾಡಿಕೊಳ್ಳಿ. ಉಳಿದದ್ದು ಆಮೇಲೆ.

ಇದೆಲ್ಲ ನೋಡಿದ ಮೇಲೆ ಮೈಸೂರಿನಲ್ಲಿ ನಿವೃತ್ತರಾಗಿರುವ ಒಬ್ಬ ಪ್ರಾಧ್ಯಾಪಕರಿಗೆ ಫೋಟೋಗಳನ್ನು ಕಳಿಸಿ ಕೇಳಿದೆ. ಉತ್ತರ ತಕ್ಷಣ ಬರಲಿಲ್ಲ, ಮರೆತರೇನೋ ಅಂದುಕೊಂಡಿದ್ದೆ. ಒಂದು ದಿನ ಅವರೇ ಫೋನ್ ಮಾಡಿದರು. "ನೋಡಮ್ಮ, ಪಕ್ಕದ ದೃಶ್ಯ ಅನ್ನುತ್ತಿದ್ದೀಯಲ್ಲ, ಅದು ನಿಜವಾಗಿ ಪಕ್ಕದ್ದೇ ಅಂತ ಹೇಗೆ ಗೊತ್ತು? ಕಥೆಯ ಕೆಳಗಿನ ಬಳ್ಳಿ ನೋಡು. ಬಳ್ಳಿ ಒಂದು ಕಲ್ಲಿಂದ ಇನ್ನೊಂದಕ್ಕೆ ಹರಿದಿದೆಯಾ?"

ಮತ್ತೆ ಊರಿಗೆ ಹೋದೆ. ಈ ಸಲ ಬೆಳಗಿನ ಮೊದಲ ಬಸ್ಸು. ಅರ್ಚಕರ ಮನೆಯಲ್ಲಿ ಕಾಫಿ ಕುಡಿದು ಅವರ ಮೊಮ್ಮಗನನ್ನು ಜೊತೆಗೆ ಕರೆದುಕೊಂಡು ಹೋದೆ, ಟಾರ್ಚ್ ಹಿಡಿಯುವುದಕ್ಕೆ. ಮಂಡಿಯೂರಿ ಬಳ್ಳಿಯ ಸಾಲು ನೋಡಿದೆ. ಜಟ್ಟಿಗಳ ಕಲ್ಲಿನಲ್ಲಿ ಬಳ್ಳಿಯ ಸುರುಳಿ ಕೆಳಗಿನಿಂದ ಮೇಲಕ್ಕೆ ಏರುತ್ತ ಅಂಚಿಗೆ ಬಂದು ನಿಂತಿದೆ. ಆನೆಯ ಕಲ್ಲಿನಲ್ಲಿ ಅದು ಕೆಳಗಿನಿಂದಲೇ ಶುರುವಾಗಿದೆ. ಎರಡೂ ಸೇರುವುದೇ ಇಲ್ಲ. ಎಲೆಯ ಆಕಾರವೂ ಬೇರೆ, ಒಂದರಲ್ಲಿ ಮೂರು ಸೀಳು, ಇನ್ನೊಂದರಲ್ಲಿ ಐದು. ಸಂದಿಗೆ ಗಾರೆ ತುಂಬಿದ್ದಾರೆ. ಯಾವಾಗಲೋ ಜೀರ್ಣೋದ್ಧಾರ ಮಾಡುವಾಗ ಕಲ್ಲುಗಳನ್ನು ಇಳಿಸಿ ಮತ್ತೆ ಕೂರಿಸಿದ್ದಾರೆ. ಜಟ್ಟಿಗಳ ಸಾಕ್ಷಿ ಹೋಯಿತು.

ಬಲಗಡೆಯ ಚಕ್ರ ಮಾತ್ರ ಆನೆಯ ಕಲ್ಲಿನಲ್ಲೇ ಕೆತ್ತಿದ್ದು. ಅದರ ಉಳಿದ ಅರ್ಧ ಎಲ್ಲಿ? ಜಗತಿ ಸುತ್ತಿದೆ. ಹಿಂಬದಿಯಲ್ಲಿ ಒಂದು ಕಲ್ಲು ಸಿಕ್ಕಿತು, ಎಡ ಅಂಚಿಗೆ ಅರ್ಧ ಚಕ್ರ, ಅದೇ ಐದು ಸೀಳಿನ ಎಲೆ. ಟೇಪ್ ಇಟ್ಟು ಅಳೆದೆ, ಚಕ್ರದ ಎತ್ತರ ಎರಡರಲ್ಲೂ ಒಂದೇ. ಆ ಕಲ್ಲಿನಲ್ಲಿ ರಥದ ಮೇಲೆ ಬಿಲ್ಲು ಎಳೆದ ಒಬ್ಬ, ಮುಂದೆ ಸಾರಥಿ, ಕೆಳಗೆ ಬಿದ್ದ ಇಬ್ಬರು. ಅಕ್ರೂರನ ರಥದಲ್ಲಿ ಹೆಣ ಬೀಳುವುದಿಲ್ಲ. ಇದು ಯುದ್ಧ.

ಕೃಷ್ಣ ಅಲ್ಲ ಅನ್ನುವ ಕಡೆಗೆ ಮನಸ್ಸು ವಾಲಿತು. ಆದರೆ ಮೇಷ್ಟ್ರು ಹೇಳಿದ ಅಶ್ವತ್ಥಾಮ ಆನೆಯೋ ಸುಪ್ರತೀಕವೋ? ಆನೆಯ ಕಲ್ಲು ಆ ಹೊತ್ತಿಗೆ ನೆರಳಿನಲ್ಲಿತ್ತು. ಹುಡುಗನಿಗೆ ಟಾರ್ಚನ್ನು ಕಲ್ಲಿಗೆ ಒತ್ತಿದಂತೆ ಬದಿಯಿಂದ ಹಿಡಿ ಅಂದೆ. ಬೆಳಕು ಮುಂದಿನಿಂದ ಬಿದ್ದರೆ ಎಲ್ಲ ಮಟ್ಟಸ, ಬದಿಯಿಂದ ಬಿದ್ದರೆ ಕೂದಲೆಳೆಯ ಉಬ್ಬಿಗೂ ನೆರಳು ಬರುತ್ತದೆ. ಎಡದಿಂದ ಹಿಡಿದಾಗ ಏನಿಲ್ಲ. ಮೇಲಿಂದ ಓರೆಯಾಗಿ ಹಿಡಿದಾಗ ಆನೆಯ ಮೇಲೆ ಒಬ್ಬನಲ್ಲ, ಇಬ್ಬರು ಕಂಡರು. ಕತ್ತಿನ ಮೇಲಿನವನು ಪೂರ್ತಿ ಸವೆದು ಗುಬುಟಾಗಿದ್ದಾನೆ. ಬೆನ್ನ ಮೇಲಿನವನ ಹಿಂದಿನಿಂದ ಒಂದು ಸಣ್ಣ ಕೋಲು ಮೇಲಕ್ಕೆ ಹೋಗಿದೆ, ತುದಿಯಲ್ಲಿ ಬಿಲ್ಲಿನಂತೆ ಬಾಗಿದ ಅಂಚು, ಅದರ ಕೆಳಗೆ ಕುಚ್ಚಿನ ಗೆರೆಗಳು. ಸತ್ತಿಗೆ. "ಅಕ್ಕಾ, ಕೊಡೆ!" ಅಂತ ಹುಡುಗ ನನಗಿಂತ ಮೊದಲು ಕೂಗಿದ. ನನಗೆ ಕಣ್ಣಲ್ಲಿ ನೀರು ಬಂತು.

ಬೇರೆ ಬೇರೆ ಕೋನದಿಂದ ಬೆಳಕು ಹಿಡಿಸಿ, ಕ್ಯಾಮೆರಾ ಅಲ್ಲಾಡಿಸದೆ ಫೋಟೋ ತೆಗೆದೆ. ಪ್ರತಿಯೊಂದರ ಹೆಸರಲ್ಲೂ ಬೆಳಕು ಯಾವ ಕಡೆಯಿಂದ ಅಂತ ಬರೆದಿಟ್ಟೆ. ಇದನ್ನು ಬಿಡಬೇಡಿ, ಆಮೇಲೆ ನೆನಪಿರುವುದಿಲ್ಲ.

ಪ್ರಾಧ್ಯಾಪಕರು ನೋಡಿ, "ಸತ್ತಿಗೆ ರಾಜನಿಗೆ. ಬಾಗಿಲು ಕಾಯುವ ಆನೆಯ ಮಾವುತನಿಗೆ ಸತ್ತಿಗೆ ಹಿಡಿಯುವವರು ಯಾರು?" ಅಂದರು. ಅಶ್ವತ್ಥಾಮ ಆನೆಯ ಪ್ರಸಂಗದಲ್ಲೂ ಮೇಲೆ ರಾಜ ಕೂತು ಕಾದುವುದಿಲ್ಲ. ರಾಜ ಆನೆಯ ಮೇಲೆ, ಎದುರಾಳಿ ನೆಲದ ಮೇಲೆ, ಪಕ್ಕದಲ್ಲಿ ರಥ ಅಂದರೆ ಭಗದತ್ತ ಮತ್ತು ಭೀಮ. ಅರ್ಜುನನಾದರೆ ರಥದಲ್ಲಿರುತ್ತಿದ್ದ. ಭಗದತ್ತನ ಜೊತೆ ಘಟೋತ್ಕಚನೂ ಕಾದುತ್ತಾನೆ, ಅದನ್ನೂ ಕೇಳಿದೆ. ಅವನಿಗಾದರೆ ಕೆದರಿದ ಕೂದಲು, ಕೋರೆಹಲ್ಲು ಕೊಡುತ್ತಿದ್ದರು, ಇಲ್ಲಿ ಕಿರೀಟದ ಬುಡ ಉಳಿದಿದೆ ಅಂದರು. ಆದರೂ ಮುಖ, ಆಯುಧ ಎರಡೂ ಇಲ್ಲದಿರುವಾಗ "ಬಹುಶಃ" ಅಂತ ಸೇರಿಸು ಅಂತಲೂ ಹೇಳಿದರು. ಅದು ನನಗೂ ಸರಿ ಅನಿಸಿತು.

ಈಗ ಇನ್ನೊಂದು ಕಷ್ಟ. ಸುಪ್ರತೀಕವಾದರೆ ಭೀಮ ಅದನ್ನು ಕೊಲ್ಲುವುದಿಲ್ಲ. ಆನೆಯನ್ನೂ ಭಗದತ್ತನನ್ನೂ ಆಮೇಲೆ ಕೊಲ್ಲುವುದು ಅರ್ಜುನ. ಅಂದರೆ ಮೇಷ್ಟ್ರ ವಾಕ್ಯದಲ್ಲಿ ಭೀಮ ಮಾತ್ರ ಉಳಿಯುತ್ತಾನೆ, ಆನೆಯ ಹೆಸರೂ ಹೋಯಿತು, ಕೊಲ್ಲುವುದೂ ಹೋಯಿತು. ತೀರಿಕೊಂಡವರ ಬರಹವನ್ನು ಅನುವಾದಕಿ ತಿದ್ದಬಹುದಾ? ನನ್ನ ಪ್ರಕಾರ ತಿದ್ದಬಾರದು. ಹಕ್ಕು ಇರುವವರನ್ನು ಕೇಳಿ, ಬರಹದಲ್ಲೇ ಒಪ್ಪಿಗೆ ತಗೊಳ್ಳಬೇಕು. ಮೇಷ್ಟ್ರ ಮಗಳಿಗೆ ಫೋನ್ ಮಾಡಲು ಹೆದರಿಕೆಯಾಗುತ್ತಿತ್ತು. ಅವರು ಎಲ್ಲ ಕೇಳಿಸಿಕೊಂಡು, "ಅಪ್ಪ ಭೀಮ ಅಂದದ್ದು ಸರಿ ಅಂತಾಯ್ತಲ್ಲ ಮಗಳೇ. ಅವರು ಬರೆದದ್ದು ಹಾಗೇ ಇರಲಿ. ನೀನು ಕಂಡದ್ದನ್ನು ಕೆಳಗೆ ನಿನ್ನ ಹೆಸರಲ್ಲಿ ಬರಿ" ಅಂದರು. ಅದನ್ನೇ ಒಂದು ಪತ್ರದಲ್ಲಿ ಬರೆದು ಸಹಿ ಹಾಕಿ ಕಳಿಸಿದರು.

ಪಠ್ಯ ಮೇಷ್ಟ್ರು ಬರೆದಂತೆಯೇ ಹೋಯಿತು. ಫೋಟೋ ಕೆಳಗೆ ಮತ್ತು ಟಿಪ್ಪಣಿಯಲ್ಲಿ ನಾನು ಬರೆದದ್ದರ ಕನ್ನಡ ರೂಪ ಹೀಗಿದೆ: "ಸತ್ತಿಗೆಯಿರುವ ಆನೆ ಸವಾರನೊಂದಿಗೆ ನೆಲದ ಮೇಲೆ ನಿಂತು ಕಾದುತ್ತಿರುವ ವೀರ, ಬಹುಶಃ ಭಗದತ್ತನ ಆನೆಯೊಂದಿಗೆ ಭೀಮ. ಎಡಗಡೆಯ ಜಟ್ಟಿಗಳ ಫಲಕ ಮೊದಲಿನಿಂದ ಇಲ್ಲಿದ್ದದ್ದಲ್ಲ. ಬಲಗಡೆ ಸೇರಬೇಕಾದ ರಥದ ಫಲಕ ಈಗ ಹಿಂಬದಿಯ ಗೋಡೆಯಲ್ಲಿದೆ." ಪ್ರಕಾಶಕರು ಇಷ್ಟುದ್ದ ಬೇಡ, ಬರೀ ಭೀಮ ಸಾಕು ಅಂದರು. ಟಾರ್ಚಿನ ಫೋಟೋಗಳನ್ನು ಕಳಿಸಿದ ಮೇಲೆ ಒಪ್ಪಿದರು. ಸಂಭಾವನೆಯ ಮೊದಲ ಕಂತು ಬಂದಿದೆ, ಎರಡನೆಯದು ಪುಸ್ತಕ ಅಚ್ಚಾದ ಮೇಲೆ. ಫೋಟೋಗಳ ಒಂದು ಪ್ರತಿಯನ್ನು ಅರ್ಚಕರ ಮೊಮ್ಮಗನ ಫೋನಿಗೂ ಹಾಕಿದ್ದೇನೆ, ಹಿಂಬದಿಯ ಕಲ್ಲು ಯಾವುದು ಅಂತ ಮುಂದೆ ಯಾರಾದರೂ ಕೇಳಿಕೊಂಡು ಬಂದರೆ ಅವನೇ ತೋರಿಸುತ್ತಾನೆ.